ಬೀಮಿಗೆ ಬಿದ್ದ ಹೆಚ್ಚಿನ ಕಬ್ಬಿಣ

ನಮ್ಮ ಕಡೆ ಯಾರಾದರೂ ಮನೆ ಕಟ್ಟಿಸಿದರೆ ಮೊದಲು ಹೇಳುವುದು ಕಬ್ಬಿಣ ಎಷ್ಟು ಹಾಕಿಸಿದೆ ಅಂತ. ಅದು ಎಲ್ಲಿ ಬಿತ್ತು ಅಂತ ಯಾರೂ ಕೇಳುವುದಿಲ್ಲ. ಈ ಮಾತು ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕಾಲುವೆ ನೀರು ಬಂದು ಭತ್ತದ ಗದ್ದೆ ಎದ್ದ ಮೇಲೆ ಶಹಾಪುರದ ಹೊರಗೆ ಹೆಣ್ಣುಮಕ್ಕಳ ವಸತಿನಿಲಯವೊಂದು ಮಂಜೂರಾಯಿತು. ಕಕ್ಕೇರಾ, ಸಗರದ ಕಡೆಯ ಹುಡುಗಿಯರು ಉಳಿಯುವ ಮೂರಂತಸ್ತಿನ ಕಟ್ಟಡ. ನಮ್ಮ ಸೀಮೆಗೆ ಅದು ಕಡ್ಡಾಯವಲ್ಲದಿದ್ದರೂ, ಭೂಮಿ ನಡುಗಿದರೆ ಬಾಗಿ ತಡೆದುಕೊಳ್ಳುವ ಚೌಕಟ್ಟೇ ಬೇಕು ಅಂತ ಟೆಂಡರಿನಲ್ಲಿ ಬರೆದಿತ್ತು. ಯಾದಗಿರಿಯ ನನ್ನ ಸಣ್ಣ ಆಫೀಸಿನಲ್ಲಿ ಲೆಕ್ಕ ಮಾಡಿ ನಕ್ಷೆ ಕೊಟ್ಟವಳು ನಾನು.

ಲೆಕ್ಕದ ತಿರುಳು ಇಷ್ಟೇ. ನಡುಗಿದಾಗ ಮೊದಲು ಬೀಮಿನ, ಅಂದರೆ ಅಡ್ಡತೊಲೆಯ, ತುದಿ ಬಾಗಿ ಸೋಲಬೇಕು; ಕಾಲಮ್ಮು, ಅಂದರೆ ಕಂಬ, ನಿಲ್ಲಬೇಕು. ಬೀಮು ಸೋತರೆ ಬಿರುಕು ಬಿಟ್ಟು ಜೋತು ಬೀಳುತ್ತದೆ, ಒಳಗಿದ್ದವರು ಓಡಬಹುದು. ಕಾಲಮ್ಮು ಸೋತರೆ ಮೇಲಿನದೆಲ್ಲ ತಲೆಯ ಮೇಲೆ. ಅದಕ್ಕೇ ಬೀಮು ಕಾಲಮ್ಮು ಸೇರುವ ಒಂದೊಂದು ಗಂಟಿನಲ್ಲೂ ಬೀಮುಗಳ ಬಾಗುವ ಬಲ ಕೂಡಿಸಿದರೆ, ಕಾಲಮ್ಮುಗಳ ಬಲ ಕನಿಷ್ಠ ಅದರ ಒಂದು ಪಾಯಿಂಟ್ ನಾಲ್ಕು ಪಟ್ಟು ಇರಲೇಬೇಕು. ನನ್ನ ನಕ್ಷೆಯಲ್ಲಿ ಅದು ಕೂದಲೆಳೆಯಷ್ಟು ಮೇಲೆ ಪಾಸಾಗಿತ್ತು. ಸರಳುಗಳನ್ನು ಸುತ್ತಿ ಹಿಡಿಯುವ ಬೀಮಿನ ರಿಂಗುಗಳನ್ನೂ ಬರೀ ಭಾರಕ್ಕಲ್ಲ, ಬೀಮಿನ ಎರಡೂ ತುದಿ ಪೂರ್ತಿ ಬಲದಲ್ಲಿ ಬಾಗಿದಾಗ ಏಳುವ ಕತ್ತರಿಸುವ ಬಲಕ್ಕೂ ಇಟ್ಟಿದ್ದೆ. ಹಾಗೆ ಇಡದಿದ್ದರೆ ಬೀಮು ಬಾಗುವ ಮೊದಲೇ ಸುಳಿವು ಕೊಡದೆ ಸೀಳುತ್ತದೆ.

ನನ್ನ ಸೋದರಮಾವ ಅಕ್ಕಿ ಗಿರಣಿಯವನು, ಒಳ್ಳೆಯ ಜೀವ. ತೀರಿಹೋದ ತನ್ನ ಹೆಂಡತಿಯ, ನಮ್ಮ ಅತ್ತೆಯ, ನೆನಪಿಗೆ ಕಟ್ಟಡಕ್ಕೆ ದಪ್ಪ ಸರಳುಗಳ ಒಂದು ಲಾರಿ ಕೊಟ್ಟ. ಗುತ್ತಿಗೆದಾರ ಅದನ್ನು ಮೊದಲ ಸ್ಲ್ಯಾಬಿನ ಬೀಮುಗಳೊಳಗೇ ತುಂಬಿದ. ಕೆಳಗಿನ ಕಾಲಮ್ಮುಗಳು ಆಗಲೇ ಕಾಂಕ್ರೀಟಾಗಿದ್ದವು. ರಿಂಗುಗಳು ಹಳೆಯ ಅಂತರದಲ್ಲೇ ಇದ್ದವು.

ಕಾಂಕ್ರೀಟ್ ಸುರಿಯುವ ಮುಂಚೆ ಸೆಂಟ್ರಿಂಗ್ ಹಲಗೆಗಳ ಮೇಲೆ ಹತ್ತಿ ನೋಡಿದೆ. ಬೀಮಿನ ಬಲ ಅರ್ಧದಷ್ಟು ಹೆಚ್ಚಿತ್ತು, ಕಾಲಮ್ಮಿನದು ಇದ್ದಲ್ಲೇ ಇತ್ತು. ಈಗ ಮೊದಲು ಸೋಲುವುದು ಕಾಲಮ್ಮು. ಬೀಮು ಬಾಗಿದರೂ ರಿಂಗು ತಡೆಯುವುದಿಲ್ಲ.

“ಹೆಚ್ಚಿನ ಸರಳು ತಗಸ್ರಿ, ಆಮ್ಯಾಲ ಕಾಂಕ್ರೀಟ್ ಹಾಕ್ರಿ,” ಅಂದೆ ಸರ್ಕಾರದ ಕಡೆಯಿಂದ ಮೇಲ್ವಿಚಾರಣೆಗಿದ್ದ ಇಂಜಿನಿಯರ್ ಸಾಹೇಬರಿಗೆ.

“ಕಮ್ಮಿ ಹಾಕಿದ್ರ ಕೇಳ್ರಿ ಮೇಡಂ. ಜಾಸ್ತಿ ಹಾಕಿದ್ರ ಏನು ತಕರಾರು?”

“ನಿಮಗ ಗೊತ್ತಿಲ್ಲೇನ್ರಿ ಈ ಲೆಕ್ಕ?”

“ಗೊತ್ತೈತ್ರಿ,” ಅಂದು ಎಲೆಯಡಿಕೆ ಉಗುಳಿದರು. “ಕಂಪ್ಯೂಟರಿನ್ಯಾಗ ಹಳೇ ಸರಳಿನ ಲೆಕ್ಕನ ಇರಲಿ, ಪಾಸ್ ಅಂತ ಬರತೈತಿ. ಅದರ ಮ್ಯಾಲ ಸಹಿ ಹಾಕ್ರಿ.”

ಗೊತ್ತಿಲ್ಲದವನನ್ನು ಸಹಿಸಬಹುದು. ಗೊತ್ತಿದ್ದೂ ಹಲ್ಲುಕಿರಿಯುವವನನ್ನು ಕಂಡರೆ ನನಗೆ ವಾಕರಿಕೆ. ಸಹಿ ಹಾಕಲಿಲ್ಲ. ಸಂಜೆ ಗಿರಣಿಗೆ ಹೋಗಿ ಮಾವನಿಗೆ ಎಲ್ಲ ಬಿಡಿಸಿ ಹೇಳಿದೆ.

“ನಾ ಕೊಟ್ಟ ಕಬ್ಬಿಣ ತಪ್ಪಾತೇನವ್ವಾ?”

“ಕಬ್ಬಿಣ ತಪ್ಪಲ್ಲ ಮಾಮಾ, ಬಿದ್ದ ಜಾಗ ತಪ್ಪು.”

ಅವನು ಕೈಗಂಟಿದ ತವುಡು ಝಾಡಿಸಿ ಎದ್ದ. “ತಗಸವ್ವಾ. ನಾನೇ ಮುಂಜಾನಿ ಬಂದು ಹೇಳತೀನಿ,” ಅಂದ.

ಮುಂಜಾನೆ ಇಬ್ಬರೂ ಹೋಗುವಷ್ಟರಲ್ಲಿ ಮಿಕ್ಸರ್ ತಿರುಗಿ ಮುಗಿದಿತ್ತು. ಬೀಮುಗಳ ಮೇಲೆ ಹಸಿ ಕಾಂಕ್ರೀಟು ಹೊಳೆಯುತ್ತಿತ್ತು. ತೆಂಗಿನಕಾಯಿ ಒಡೆದಿದ್ದರು, ಪೇಢೆ ಹಂಚುತ್ತಿದ್ದರು. ಸಾಹೇಬರು ಮಾವನ ಕೈಗೊಂದು ಪೇಢೆ ಇಟ್ಟರು. ಮಾವ ಅದನ್ನು ಅಂಗೈಯಲ್ಲೇ ಹಿಡಿದು ನಿಂತ, ತಿನ್ನಲಿಲ್ಲ.

ಆಗಲೂ ದಾರಿಯಿತ್ತು. ಮೇಲಿನ ಅಂತಸ್ತು ಏಳುವ ಮುಂಚೆ ಕಾಲಮ್ಮುಗಳ ಸುತ್ತ ಹೊಸ ಸರಳು ನಿಲ್ಲಿಸಿ, ಸ್ಲ್ಯಾಬಿನಲ್ಲಿ ತೂತು ಕೊರೆದು ಮೇಲಕ್ಕೆ ಒಯ್ದು, ಕಾಂಕ್ರೀಟಿನ ಅಂಗಿ ತೊಡಿಸಬಹುದಿತ್ತು. ಬೀಮಿನ ತುದಿಗಳನ್ನೂ ಹೊರಗಿನಿಂದ ಬಿಗಿಯಬಹುದಿತ್ತು. ಬರೆದು ಕೊಟ್ಟೆ, ಮೇಲಿನ ಕಚೇರಿಗೂ ಕಳಿಸಿದೆ. ಉತ್ತರ ಬರಲಿಲ್ಲ. ಯಾರೋ ಇನ್ನೊಬ್ಬ ಇಂಜಿನಿಯರು ಸೈಟು ನೋಡದೆಯೇ ಆ ಹಳೆಯ ಲೆಕ್ಕಕ್ಕೆ ಸಹಿ ಹಾಕಿ ಕೊಟ್ಟ.

ಉದ್ಘಾಟನೆಗೆ ಮುಂಚೆ ಬಾಗಿಲ ಪಕ್ಕ ಅತ್ತೆಯ ಹೆಸರಿನ ಕಲ್ಲು ಕೂಡಿಸಿದರು. ಮಾವ ಉಳಿ ಸುತ್ತಿಗೆ ಹಿಡಿದು ಹೋಗಿ ಅದನ್ನು ತಾನೇ ಕಿತ್ತು ತಂದ. “ಆಕಿ ಹೆಸರು ಅಲ್ಲಿ ಬ್ಯಾಡ,” ಅಂದ, ಅಷ್ಟೇ. ಸಾಹೇಬರು ಇನ್ನೂ ದೊಡ್ಡ ಅಕ್ಷರದ ಇನ್ನೊಂದು ಕಲ್ಲು ಮಾಡಿಸಿ ಹಾಕಿದರು.

ಕಟ್ಟಡ ಈಗಲೂ ನಿಂತಿದೆ. ಭೂಮಿ ನಡುಗಿಲ್ಲ, ಹಾಗಾಗಿ ಎಲ್ಲರೂ ನನ್ನನ್ನು ಹುಚ್ಚಿ ಅಂದುಕೊಂಡಿದ್ದಾರೆ. ಹುಡುಗಿಯರು ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಾರೆ. ಕಿತ್ತ ಕಲ್ಲು ಗಿರಣಿಯ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ಕೂತಿದೆ. ಊರಲ್ಲಿ ಲಾರಿ ಜೋರಾಗಿ ಹಾದು ಕಿಟಕಿ ಅದುರಿದಾಗಲೆಲ್ಲ ಮಾವ ಫೋನು ಮಾಡುತ್ತಾನೆ. “ಅದು ಲಾರಿನೇ ಹೌದಲ್ಲವ್ವಾ?” ಅಂತ ಕೇಳುತ್ತಾನೆ.