ಹೆಲ್ಮೆಟ್ಟಿನೊಳಗಿನ ಹತ್ತು ನಿಮಿಷ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಗೇಟಿಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತಂದೆ, ಸಂಪಿನ ಮೋಟಾರ್ ಹಾಕಿದೆ, ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಇಡ್ಲಿ ಇಟ್ಟೆ. ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದರೆ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಸೆಲೀನಳ ಬೂದು ಬಣ್ಣದ ಸ್ಕೂಟರ್ ಎಡಗಡೆಯ ಕಂಬದ ಪಕ್ಕ ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಟೆಂಪೋ. ಮಹಡಿಯಿಂದ ಮಂಚದ ಕಾಲು, ಪಾತ್ರೆಯ ಮೂಟೆ, ಕೊನೆಗೆ ಗಾಜಿನ ಚೌಕಟ್ಟಿನ ಯೇಸುವಿನ ಪಟ ಇಳಿದು ಬಂದವು. ಪಟವನ್ನು ಮಾತ್ರ ಸೆಲೀನ್ ಟೆಂಪೋದವರ ಕೈಗೆ ಕೊಡಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ ಸ್ಕೂಟರಿನಲ್ಲಿ ಕಾಲಿನ ಹತ್ತಿರ ನಿಲ್ಲಿಸಿಕೊಂಡಳು.

ಸವಳಂಗ ರಸ್ತೆಯಿಂದ ಒಳಗೆ ತಿರುಗುವ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಸೆಲೀನಳ ಬಗ್ಗೆ ಮೊದಲು ಹೇಳುವುದು ಒಂದೇ: ಮನೆಗೆ ಬಂದ ಮೇಲೂ ಹೆಲ್ಮೆಟ್ ತೆಗೆಯದ ನರ್ಸ್. ಸಂಜೆ ಆಸ್ಪತ್ರೆಯಿಂದ ಬಂದು, ಕಂಬದ ಪಕ್ಕ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀ ಕೈಯಲ್ಲಿ ಹಿಡಿದು, ಹೆಲ್ಮೆಟ್ ಹಾಕಿಕೊಂಡೇ ಹತ್ತು ನಿಮಿಷ ಅಲ್ಲೇ ಕೂತಿರುತ್ತಿದ್ದಳು. ಆಮೇಲೆ ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಂಡು, ಮೆಟ್ಟಿಲು ಹತ್ತುತ್ತಿದ್ದಳು.

ಎದುರು ಮನೆಯ ರುದ್ರಪ್ಪನವರು ಹಾರ್ಡ್‌ವೇರ್ ಅಂಗಡಿ ಮಗನಿಗೆ ಬಿಟ್ಟುಕೊಟ್ಟವರು, ಆದರೆ ಹತಾರಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಅವರು ನಾಲ್ಕು ಸಂಜೆ ಸುಮ್ಮನೆ ನೋಡಿದರು. ಐದನೆಯ ಸಂಜೆ ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಬಂದು ಅವಳ ಮುಂದೆ ನಿಂತರು.

“ಕ್ಲಿಪ್ಪು ಸಿಕ್ಕಾಕ್ಕೊಂಡೈತೇನಮ್ಮಾ? ನಾಚ್ಕೋಬೇಡ. ಪಟ್ಟಿ ಕಟ್ ಮಾಡಿಬಿಡ್ತೀನಿ.”

ಹೆಲ್ಮೆಟ್ಟಿನ ಗಾಜು ಮೇಲೆದ್ದಿತು. ಒಳಗಿದ್ದ ಕಣ್ಣುಗಳು ಕೆಂಪಾಗಿದ್ದವು.

“ಬೇಡಿ ಅಂಕಲ್. ಪ್ರಾರ್ಥನೆ ಮಾಡ್ತಿದೀನಿ.”

“ಹೆಲ್ಮೆಟ್ ಹಾಕ್ಕೊಂಡಾ?”

“ತೆಗೆದ್ರೆ ಎಲ್ರೂ ಮಾತಾಡಿಸ್ತಾರೆ.”

ರುದ್ರಪ್ಪನವರು ಪ್ಲೇಯರನ್ನು ಜೇಬಿಗೆ ಹಾಕಿಕೊಂಡು ಹೋದರು. ಅವಳು ಹೇಳಿದ್ದನ್ನು ಅವರು ನಂಬಲಿಲ್ಲ ಎಂದು ಅವರ ನಡಿಗೆಯೇ ಹೇಳುತ್ತಿತ್ತು.

ಈ ಹೆಲ್ಮೆಟ್ ಪ್ರಾರ್ಥನೆ ಶುರುವಾದದ್ದು ಒಂದು ಶೂವಿನಿಂದ. ಅದರ ಆರಂಭ ನನಗೆ ಗೊತ್ತು. ಏಕೆಂದರೆ ಆ ಶೂ ಬಿದ್ದದ್ದು ನಮ್ಮ ಕರಿಬೇವಿನ ಗಿಡದ ಮೇಲೆ.

ಸೆಲೀನಳ ಗಂಡ ಲಾರಿ ಓಡಿಸುತ್ತಿದ್ದರು. ಮನೆಗೆ ಬಂದರೆ ಭಾನುವಾರ, ಇದ್ದಷ್ಟು ಹೊತ್ತೂ ನಿದ್ದೆ. ಮನೆಯಲ್ಲಿ ಅವಳು ಮತ್ತು ಎಂಟನೇ ಕ್ಲಾಸಿನ ಮಗಳು ರೋಸಿ, ಇಬ್ಬರೇ. ಸೆಲೀನ್ ಬಂದ ಕೂಡಲೇ ಮೇಲಿನಿಂದ ಅವಳ ದನಿ ಕೇಳುತ್ತಿತ್ತು. ಒದ್ದೆ ಟವೆಲ್, ತೊಳೆಯದ ಟಿಫಿನ್ ಡಬ್ಬಿ, ಉರಿಯುತ್ತಿರುವ ಲೈಟು, ಯಾವುದು ಮೊದಲು ಕಣ್ಣಿಗೆ ಬಿದ್ದರೆ ಅದು. ಆ ಸಂಜೆ ಬಿದ್ದದ್ದು ಬಾಗಿಲಲ್ಲಿದ್ದ ಸ್ಕೂಲ್ ಶೂ. ಜೋಡಿಯಲ್ಲಿ ಒಂದು ಬಾಲ್ಕನಿಯಿಂದ ಹಾರಿ ಬಂತು. ರೋಸಿ ಬರೀ ಸಾಕ್ಸಿನಲ್ಲಿ ಇಳಿದು ಬಂದು, ಗಿಡದಿಂದ ಶೂ ತೆಗೆದುಕೊಂಡು, “ಸಾರಿ ಆಂಟಿ, ಎಲೆ ಉದುರಿವೆ” ಎಂದು ನೆಲದ ಮೇಲಿದ್ದ ಕರಿಬೇವನ್ನು ಆರಿಸಿ ನನ್ನ ಕೈಗೆ ಕೊಟ್ಟಳು. ಅಳಲಿಲ್ಲ.

ದಸರಾ ರಜೆಗೆ ಭದ್ರಾವತಿಯ ಕಾಗದನಗರಕ್ಕೆ, ಅಜ್ಜಿಯ ಕ್ವಾರ್ಟರ್ಸಿಗೆ ಹೋದವಳು ರಜೆ ಮುಗಿದರೂ ಬರಲಿಲ್ಲ. ಅಲ್ಲಿಂದಲೇ ಬಸ್ಸಿನಲ್ಲಿ ಸ್ಕೂಲಿಗೆ ಬರುತ್ತೇನೆ ಎಂದು ಅಜ್ಜಿಯ ಬಾಯಲ್ಲಿ ಹೇಳಿಸಿದಳು. ಅಮ್ಮ ಫೋನ್ ಮಾಡಿದರೆ ಮಾತಿಗೆ ಬರಲಿಲ್ಲ.

ಸೆಲೀನ್ ಭದ್ರಾವತಿಯ ಚರ್ಚಿಗೆ ಪೂಜೆಗೆ ಹೋದಾಗ ತನ್ನನ್ನು ಚಿಕ್ಕಂದಿನಿಂದ ಕಂಡಿದ್ದ ಒಬ್ಬ ವಯಸ್ಸಾದ ಕನ್ಯಾಸ್ತ್ರೀಯ ಮುಂದೆ ಅತ್ತಳಂತೆ. ಅವರನ್ನು ಎಲ್ಲರೂ ಮದರ್ ಎನ್ನುತ್ತಿದ್ದರು. ಮದರ್ ಬೈಯಲಿಲ್ಲ. ದಿನಾ ಸಂಜೆ ಮನೆಯೊಳಗೆ ಕಾಲಿಡುವ ಮುಂಚೆ ಆ ದಿನವನ್ನು ದೇವರ ಜೊತೆ ಕೂತು ಒಂದು ಸಲ ತಿರುಗಿ ನೋಡು ಎಂದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕ್ರಿಶ್ಚಿಯನ್ ಹುಡುಗಿಯರು ಪಾದ್ರಿಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಸಾಲಾಗಿ ಹೋಗುವುದನ್ನು ನೀತಿಪಾಠದ ಬೆಂಚಿನಿಂದ ನೋಡಿದ್ದೆ. ಇದೂ ಅದೇ ಇರಬೇಕೆಂದುಕೊಂಡಿದ್ದೆ.

“ಅದಲ್ಲ ಅಕ್ಕ. ಅದು ಗುರುಗಳ ಹತ್ರ. ಇದು ಬರೀ ದಿನ ನೋಡೋದು” ಎಂದಳು ಸೆಲೀನ್. ಆದರೆ ಶುರುವಿನಲ್ಲಿ ಅವಳೂ ನನ್ನ ಹಾಗೇ ಅಂದುಕೊಂಡಿದ್ದಳು. ಹೆಲ್ಮೆಟ್ಟಿನೊಳಗೆ ಕೂತು ತನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೆಕ್ಕುತ್ತಿದ್ದಳು. ಹತ್ತು ನಿಮಿಷವಾದ ಬಳಿಕ ಮಹಡಿಗೆ ಹೋಗಿ, ಖಾಲಿ ಮನೆಯಲ್ಲಿ ಪಾತ್ರೆಗಳನ್ನು ಎಷ್ಟು ಜೋರಾಗಿ ತೊಳೆಯುತ್ತಿದ್ದಳೆಂದರೆ ನಮ್ಮನೆಯ ಟೀವಿ ಕೇಳುತ್ತಿರಲಿಲ್ಲ. ಪ್ರಾರ್ಥನೆ ಮಾಡಿ ಇಷ್ಟು ಸಿಟ್ಟಾಗುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮತ್ತೆ ಮದರ್ ಹತ್ತಿರ ಹೋದಾಗ ಅವರು ಹೇಳಿದ್ದು: “ನೀನು ಪ್ರಾರ್ಥನೆ ಮಾಡ್ತಿಲ್ಲ ಸೆಲೀನ್, ಎನ್‌ಕ್ವೈರಿ ಮಾಡ್ತಿದೀಯ. ಆಫೀಸರೂ ನೀನೇ, ತಪ್ಪು ಮಾಡಿದವಳೂ ನೀನೇ. ಅಲ್ಲಿ ದೇವರಿಗೆ ಏನು ಕೆಲಸ? ಅವನು ಸ್ಕೂಟರ್ ಪಕ್ಕ ಸುಮ್ಮನೆ ನಿಂತಿರ್ತಾನೆ.”

ಒಂದು ಭಾನುವಾರ ನಾನು ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅವಳೂ ಒಂದು ಹಿಡಿ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಈ ಪ್ರಾರ್ಥನೆ ಮಾಡುವ ಕ್ರಮ ಹೇಗೆ ಎಂದು ಕೇಳಿದೆ. ಹೊಸ ನರ್ಸಿಗೆ ಕೆಲಸ ಕಲಿಸುವ ದನಿಯಲ್ಲಿ ಹೇಳಿದಳು.

“ಮೊದ್ಲು ಜಾಗ. ಸೋಫಾ ಮೇಲೆ ಕೂತ್ರೆ ಕುಕ್ಕರ್ ಕರೆಯುತ್ತೆ, ಮಂಚದ ಮೇಲೆ ಕೂತ್ರೆ ನಿದ್ದೆ ಕರೆಯುತ್ತೆ. ಅದಕ್ಕೇ ಗಾಡಿ. ಕೂತು ಒಂದು ಉಸಿರು ಬಿಡೋದು, ಸ್ವಾಮಿ, ನೀನು ಇಲ್ಲೇ ಇದೀಯ ಅನ್ನೋದು. ಪವಿತ್ರಾತ್ಮನ ಬೆಳಕು ಕೇಳೋದು. ಯಾಕಂದ್ರೆ ನನ್ನ ದಿನ ನಾನೇ ನೋಡಿದ್ರೆ ಬರೀ ಸುಸ್ತು ಕಾಣುತ್ತೆ. ನೀನು ಹೆಂಗೆ ನೋಡ್ದೆ ಅಂತ ತೋರ್ಸು ಅಂತ ಕೇಳೋದು.”

“ಆಮೇಲೆ ತಪ್ಪು?”

“ಅಯ್ಯೋ ಇಲ್ಲ ಅಕ್ಕ. ನಾನೂ ಅಲ್ಲೇ ಎಡವಿದ್ದು. ಆಮೇಲೆ ಥ್ಯಾಂಕ್ಸ್. ದೊಡ್ಡದಲ್ಲ. ಮಗೂಗೆ ಸೂಜಿ ಒಂದೇ ಸಲಕ್ಕೆ ಹೋಯ್ತು. ಕ್ಯಾಂಟೀನಲ್ಲಿ ಟೀ ಬಿಸಿ ಇತ್ತು. ಸಿಗ್ನಲ್ಲಲ್ಲಿ ಬಿಸಿಲಿಗೆ ನಿಂತಾಗ ನನ್ನ ಮೇಲೆ ಲಾರಿ ನೆರಳು ಬಿತ್ತು. ಇಂಥದ್ದೇ.”

ಅದಾದ ಮೇಲೆ ದಿನವನ್ನು ಬೆಳಿಗ್ಗೆಯಿಂದ ನೋಡುತ್ತ ಬರುವುದು. ವಾರ್ಡಿನಲ್ಲಿ ರೌಂಡ್ಸ್ ಹೋದ ಹಾಗೆ, ಎಂದಳು. ಎಲ್ಲ ಹಾಸಿಗೆಯನ್ನೂ ದಾಟಬೇಕು, ಎಲ್ಲ ಕಡೆ ನಿಲ್ಲಬೇಕಾಗಿಲ್ಲ. ಎಲ್ಲಿ ಮನಸ್ಸು ಹಗುರಾಗಿ ದೇವರು ಹತ್ತಿರ ಅನ್ನಿಸಿತೋ, ಎಲ್ಲಿ ಮುದುಡಿ ದೂರ ಸರಿಯಿತೋ, ಅಲ್ಲಿ ನಿಲ್ಲುವುದು. ಅವುಗಳಲ್ಲಿ ಹೆಚ್ಚು ಎಳೆಯುವ ಒಂದನ್ನೇ ಹಿಡಿದುಕೊಂಡು ಅವನ ಹತ್ತಿರ ಮಾತಾಡುವುದು. ಸಂತೋಷವಾದರೆ ಸಂತೋಷ, ತಪ್ಪಾದರೆ ಕ್ಷಮೆ. ಕೊನೆಗೆ ನಾಳೆಗೆ ಬೇಕಾದ ಬಲ ಕೇಳಿ, ಮಾಡಬೇಕಾದ ಒಂದೇ ಒಂದು ಕೆಲಸ ಇಟ್ಟುಕೊಳ್ಳುವುದು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಜಪ ಹೇಳಿ, ಶಿಲುಬೆಯ ಗುರುತು ಮಾಡಿಕೊಂಡು, ಹೆಲ್ಮೆಟ್ ತೆಗೆಯುವುದು.

“ಡ್ಯೂಟಿ ಒಪ್ಸಿದ ಹಾಗೆ ಅಕ್ಕ. ಮುಂದಿನ ಶಿಫ್ಟ್ ಅವನದ್ದು. ಪೇಷಂಟ್‌ಗಳನ್ನ ಮನೆಗೆ ಕರ್ಕೊಂಡು ಬರೋಕಾಗಲ್ಲ.”

“ತುಂಬಾ ಸುಸ್ತಾಗಿದ್ರೆ?”

“ಒಂದು ಥ್ಯಾಂಕ್ಸು, ಒಂದು ಸಾರಿ, ಸಾಕು ಅಂದಿದಾರೆ ಮದರ್. ಮೊನ್ನೆ ಥ್ಯಾಂಕ್ಸಲ್ಲೇ ನಿದ್ದೆ ಬಂತು.”

ಅದು ನನಗೆ ಗೊತ್ತಿತ್ತು. ಹೆಲ್ಮೆಟ್ ಕಂಬಕ್ಕೆ ತಗುಲಿದ ಸದ್ದು ಅಡುಗೆಮನೆಗೆ ಕೇಳಿತ್ತು.

ಹೀಗೆ ಮಾಡತೊಡಗಿದ ಮೇಲೆ ಒಂದು ಸಂಜೆ ಅವಳು ಗಾಡಿಯಿಂದ ಇಳಿದವಳು ಮಹಡಿಗೆ ಹೋಗದೆ ನೇರವಾಗಿ ನಮ್ಮ ಅಡುಗೆಮನೆಗೆ ಬಂದಳು. ಹೆಲ್ಮೆಟ್ ಇನ್ನೂ ತಲೆಯ ಮೇಲಿತ್ತು.

“ಅಕ್ಕ, ಶೂ ಯಾಕೆ ಎಸೆದೆ ಅಂತ ಸಿಕ್ತು.”

ನಾನು ಒಲೆ ಸಣ್ಣ ಮಾಡಿದೆ.

ಶೂ ಎಸೆದ ದಿನ ವಾರ್ಡಿನಲ್ಲಿ ಒಬ್ಬ ಅಜ್ಜ ತೀರಿಕೊಂಡಿದ್ದರಂತೆ. ಬಹಳ ದಿನದಿಂದ ಇದ್ದವರು, ಇವಳನ್ನು ಮಗಳೇ ಎನ್ನುತ್ತಿದ್ದವರು. ಅವರನ್ನು ಕೊಂಡೊಯ್ದ ಮೇಲೆ ಹಾಸಿಗೆಯ ಬಟ್ಟೆ ಬದಲಿಸಲು ಹೋದಾಗ ಮಂಚದ ಕೆಳಗೆ ಅವರ ಚಪ್ಪಲಿ ಜೋಡಿಯಾಗಿ ಹಾಗೇ ಇತ್ತು. ಇವಳಿಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ಕರೆದರು, ಹೋದಳು.

“ಇವತ್ತು ಆ ಮಂಚಕ್ಕೆ ಇನ್ನೊಬ್ಬರು ಅಜ್ಜ ಬಂದ್ರು. ಅವರ ಚಪ್ಪಲಿ ಕೆಳಗೆ ಇಟ್ಟೆ. ಸಂಜೆ ದಿನ ನೋಡ್ತಾ ಬಂದ್ರೆ ಮನಸ್ಸು ಅಲ್ಲೇ ನಿಂತುಬಿಡ್ತು, ಮುಂದಕ್ಕೇ ಹೋಗ್ಲಿಲ್ಲ. ಅವತ್ತು ನಾನು ಅಳ್ಲೇ ಇಲ್ಲ ಅಕ್ಕ. ಮನೆಗೆ ಬಂದ್ರೆ ಬಾಗಿಲಲ್ಲಿ ಶೂ.”

ಗಾಜಿನ ಹಿಂದೆ ಅಳುತ್ತಿದ್ದಳು. ನಾನು ನೀರು ಕೊಟ್ಟೆ. ಹೆಲ್ಮೆಟ್ ತೆಗೆಯದೆ ಕುಡಿಯಲು ನೋಡಿ ಅರ್ಧ ಚೆಲ್ಲಿದಳು.

“ಪಾಪ, ನಿನ್ನ ತಪ್ಪಲ್ಲ ಬಿಡು” ಎಂದೆ.

“ಕಾರಣ ಸಿಕ್ತು ಅಂತ ತಪ್ಪು ಹೋಗಲ್ಲ. ಎಸೆದದ್ದು ನಾನೇ. ಅದಕ್ಕೆ ಕ್ಷಮೆ ಕೇಳ್ದೆ ಅವನ ಹತ್ರ. ನಾಳೆಯದು ಒಂದೇ ಕೆಲಸ. ರೋಸಿ ಹತ್ರ ಕೇಳೋದು.”

ಮರುದಿನ ಡ್ಯೂಟಿ ಮುಗಿಸಿ ನೇರವಾಗಿ ಭದ್ರಾವತಿಗೆ ಹೋದಳು. ಅಲ್ಲಿ ನಡೆದದ್ದನ್ನು ಆಮೇಲೆ ಹೇಳಿದಳು. ಕ್ವಾರ್ಟರ್ಸಿನ ಜಗಲಿಯ ಮೇಲೆ ಮಗಳ ಪಕ್ಕ ಕೂತು ಅಜ್ಜನ ವಿಷಯ, ಚಪ್ಪಲಿಯ ವಿಷಯ ಹೇಳಿ, ನಿನ್ನ ಮೇಲೆ ತೀರಿಸಿಕೊಂಡೆ, ತಪ್ಪಾಯಿತು ಎಂದಳಂತೆ. ರೋಸಿ ಕೇಳಿದ್ದು ಒಂದೇ.

“ಆ ಚಪ್ಪಲಿ ಏನಾಯ್ತು?”

“ಅವರ ಮಗ ಬಂದು ತಗೊಂಡು ಹೋದ್ರು.”

ರೋಸಿ ತನ್ನ ಷರತ್ತು ಹೇಳಿದಳು. “ನಾನು ಶೂ ಬಾಗಿಲಲ್ಲೇ ಬಿಡ್ತೀನಿ, ನೆನಪಾಗಲ್ಲ. ನೀನು ಬೈಬಹುದು. ಎಸೀಬಾರ್ದು.”

ಒಪ್ಪಂದವಾಯಿತು. ಮಗಳು ಸ್ಕೂಟರಿನ ಹಿಂದೆ ಕೂತು ಬಂದಳು. ಶೂ ಬಾಗಿಲಲ್ಲೇ ಇರುತ್ತಿತ್ತು, ಬೈಗುಳವೂ ಕೇಳುತ್ತಿತ್ತು. ಆದರೆ ಕರಿಬೇವಿನ ಗಿಡ ಚೆನ್ನಾಗಿ ಚಿಗುರಿತು. ಸಂಜೆ ರೋಸಿ ಬಾಲ್ಕನಿಯಿಂದ ಕೆಳಗೆ ಇಣುಕುವಳು. ಅಮ್ಮ ಶಿಲುಬೆಯ ಗುರುತು ಮಾಡಿಕೊಂಡ ಕೂಡಲೇ ಒಳಗೆ ಓಡಿ ಟೀಗೆ ನೀರಿಡುವಳು.

ಈಗ ಭದ್ರಾವತಿಯಲ್ಲೇ ಸೆಲೀನಳಿಗೆ ಕೆಲಸ ಸಿಕ್ಕಿತ್ತು. ಅವಳ ಅಮ್ಮನಿಗೆ ಮಂಡಿನೋವು, ಜೊತೆಗೆ ಇರಬೇಕು. ಆ ಬೆಳಿಗ್ಗೆ ಟೆಂಪೋ ಹೊರಟಿತು. ರೋಸಿ ಸ್ಕೂಟರಿನ ಹಿಂದೆ ಕೂತು, “ಆಂಟಿ, ಒಂದು ಸಾಕ್ಸ್ ಒಣಗೋಕೆ ಹಾಕಿದ್ದು ಮೇಲೇ ಬಿಟ್ಟೆ, ಪರವಾಗಿಲ್ಲ” ಎಂದಳು. ಸೆಲೀನ್ ಹೆಲ್ಮೆಟ್ ಹಾಕಿಕೊಂಡು ಕಂಬವನ್ನು ಒಮ್ಮೆ ಮುಟ್ಟಿದಳು.

“ಈ ಜಾಗ ಚೆನ್ನಾಗಿದೆ ಅಕ್ಕ. ಖಾಲಿ ಬಿಡ್ಬೇಡಿ.”

ಇಡ್ಲಿ ತಿಂದು ಹೋಗು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಸಂಜೆ ತರಕಾರಿ ತೆಗೆದುಕೊಂಡು ಬಂದವಳು ನನ್ನ ಸ್ಕೂಟರನ್ನು ಎಂದಿನಂತೆ ಗೇಟಿನ ಹತ್ತಿರ ನಿಲ್ಲಿಸದೆ ಕಂಬದ ಪಕ್ಕ ತಂದು ನಿಲ್ಲಿಸಿದೆ. ಕೀ ಕೈಗೆ ಬಂತು. ಹೆಲ್ಮೆಟ್ಟಿನೊಳಗೆ ನಮ್ಮ ಬೀದಿ ದೂರದಿಂದ ಕೇಳುವ ಹಾಗೆ ಕೇಳುತ್ತಿತ್ತು. ನನಗೆ ಪರಲೋಕದ ಜಪ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಬರುತ್ತದೆ, ಅರ್ಧ ಮಾತ್ರ. ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಥ್ಯಾಂಕ್ಸಿನಿಂದ ಶುರುಮಾಡಿದೆ. ಇಡ್ಲಿ ಹೂವಿನ ಹಾಗೆ ಬಂದಿತ್ತು. ಪಟದ ಗಾಜು ಒಡೆದಿರಲಿಲ್ಲ. ರೋಸಿ ಹಿಂದೆ ಕೂತಾಗ ಎರಡೂ ಕಾಲಿಗೂ ಶೂ ಇತ್ತು. ಅಲ್ಲಿಗೆ ಬಂದ ಮೇಲೆ ಮುಂದಕ್ಕೆ ಹೋಗಲಾಗಲಿಲ್ಲ. ಹೆಲ್ಮೆಟ್ಟಿನ ಗಾಜು ಮಂಜಾಯಿತು.

ಎದುರಿನ ಗೇಟಿನ ಸದ್ದಾಯಿತು. ರುದ್ರಪ್ಪನವರು ಹಾಲಿಗೆ ಹೊರಟವರು ರಸ್ತೆಯ ಮಧ್ಯೆ ನಿಂತು ನನ್ನನ್ನು ನೋಡಿದರು.

“ನಿಂದೂ ಸಿಕ್ಕಾಕ್ಕೊಳ್ತೇನಮ್ಮಾ?” ಎಂದರು. “ಇರು, ಹಾಲು ತಂದು ಪ್ಲೇಯರ್ ತರ್ತೀನಿ. ಅವಸರ ಇಲ್ಲ ತಾನೆ?”