ಕೆಲಸದ ಮೇಲೆ ಬರುವವರು

ಬಾಗಲೂರು ದಾರಿಯ ಗುಲಾಬಿ ತೋಟದಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಆಫೀಸು ಅಂದರೆ ಪ್ಯಾಕ್‌ಹೌಸಿನ ಮೂಲೆಯಲ್ಲಿ ಪ್ಲೈವುಡ್ ಅಡ್ಡ ಹಾಕಿದ ಒಂದು ಗೂಡು. ಆಚೆ ಬದಿ ಹೆಂಗಸರು ಹೂವಿನ ದಂಟು ಅಳೆದು, ಮುಳ್ಳು ಸವರಿ, ಕಟ್ಟು ಕಟ್ಟುತ್ತಿದ್ದರು. ಅವರ ಕನ್ನಡ, ತಮಿಳು, ತೆಲುಗಿನ ಜಗಳಗಳೆಲ್ಲ ನನ್ನ ಕಿವಿಗೇ ಬೀಳುತ್ತಿದ್ದವು. ಹೂವು ಮಲೇಷ್ಯಾಕ್ಕೆ ಹೋಗುತ್ತಿತ್ತು. ಅಲ್ಲಿ ನಮಗಿದ್ದ ಒಬ್ಬರೇ ಪಾಲುದಾರರು ತಮ್ಮ ತಾತನ ಕಾಲದಲ್ಲಿ ಈ ಕಡೆಯಿಂದ ಹೊರಟುಹೋದ ತಮಿಳು ಮನೆತನದವರು, ಮದುವೆ ಮಂಟಪಗಳಿಗೆ ಹೂವು ಒದಗಿಸುವವರು.

ಆ ವರ್ಷ ತೋಟದ ಜೀವ ಒಂದು ಮಾತಿನ ಮೇಲೆ ನಿಂತಿತ್ತು. ಯಜಮಾನರು ಜಮೀನನ್ನು ಮಗನ ಹೆಸರಿಗೆ ಬರೆದುಬಿಟ್ಟಿದ್ದರು. ಮಗರಾಯನಿಗೆ ಅಕ್ಕಪಕ್ಕದ ಹೊಲಗಳಂತೆ ಇದನ್ನೂ ಸೈಟು ಮಾಡಿ ಮಾರುವ ಹುಚ್ಚು. ಅಪ್ಪ ಮಗ ವಾರಗಟ್ಟಲೆ ಕೂಗಾಡಿ ಕೊನೆಗೊಂದು ಒಪ್ಪಂದಕ್ಕೆ ಬಂದರು. ಮದುವೆ ಕಾಲ ಶುರುವಾಗುವ ಮೊದಲು ಪಾಲುದಾರರು ಬಂದು, ಹೊಸ ಕೋಲ್ಡ್ ರೂಮ್ ನೋಡಿ, ಮುಂದೆಯೂ ಹೂವು ತಗೊಳ್ಳುತ್ತೇನೆ ಎಂದು ಮಗನ ಎದುರಿಗೆ ಹೇಳಿದರೆ ತೋಟ ಉಳಿಯುತ್ತದೆ. ಬರದಿದ್ದರೆ ಸೈಟು. ಪ್ಲೈವುಡ್ಡಿನ ಆಚೆ ಇದ್ದ ಅಷ್ಟೂ ಹೆಂಗಸರ ಅನ್ನ, ನನ್ನದೂ ಸೇರಿ, ಅದರಲ್ಲಿತ್ತು.

ಅವರು ಬರಬೇಕಾದರೆ ಬಿಸಿನೆಸ್ ವೀಸಾ ಬೇಕು. ವೀಸಾಕ್ಕೆ ನಮ್ಮ ಕಂಪನಿಯ ಆಹ್ವಾನ ಪತ್ರ ಬೇಕು. ಲೆಟರ್‌ಹೆಡ್ ಮೇಲೆ, ಅಲ್ಲಿನ ಭಾರತದ ಹೈಕಮಿಷನ್‌ನ ವೀಸಾ ಅಧಿಕಾರಿಗೆ ಬರೆಯಬೇಕು. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು, ಪಾಸ್‌ಪೋರ್ಟ್ ನಂಬರು, ಯಾಕೆ ಬರುತ್ತಾರೆ, ಯಾವ ದಿನ ಎಲ್ಲಿರುತ್ತಾರೆ, ಎಲ್ಲಿ ಉಳಿಯುತ್ತಾರೆ, ಖರ್ಚು ಯಾರದು, ಎಲ್ಲ ಇರಬೇಕು. ಕೆಳಗೆ ಅಧಿಕಾರ ಇದ್ದವರ ಸಹಿ, ಸೀಲು. ಜೊತೆಗೆ ಕಂಪನಿಯ ನೋಂದಣಿ ಪತ್ರದ ನಕಲು.

ನಾನು ‘ವ್ಯಾಪಾರ ಮಾತುಕತೆಗಾಗಿ’ ಎಂದು ಇಂಗ್ಲಿಷಿನಲ್ಲಿ ಬರೆದು ಯಜಮಾನರಿಗೆ ಓದಿ ಹೇಳಿದೆ. ಮುದುಕರ ಹುಬ್ಬು ಗಂಟಾಯಿತು.

“ಯಾಪಾರಾನಾ? ಅವ್ನೇನು ಸಂತೇಗ್ ಬತ್ತಾನೇನವ್ವಾ? ಕೆಲ್ಸದ್ ಮ್ಯಾಲೆ ಬತ್ತಾನೆ. ಕೆಲ್ಸ ಅಂತ್ಲೇ ಬರಿ.”

“ಹಂಗ್ ಬರೆದ್ರೆ ಅವ್ರು ಬ್ಯಾರೆ ಅರ್ಥ ಮಾಡ್ಕೊಂಡಾರು, ಯಜಮಾನ್ರೇ.”

“ಎಂಥ ಅರ್ಥ? ಮೊದಲ್ನೆ ಸಲ ಬಂದಾಗ ಹೆಂಗಸ್ರ ಪಕ್ದಾಗ್ ಕುಂತು ಮುಳ್ಳು ಸವರ್ದೋನು ಅವ್ನು. ಈ ಸಲವೂ ಕುಂತ್ಕಂತಾನೆ. ಸುಳ್ಳು ಯಾಕ್ ಬರೀಬೇಕು?”

ನಮ್ಮ ಕಡೆ ಯಾರಾದರೂ ಎಲ್ಲಿಗೆ ಹೊರಟರೂ ‘ಒಂದು ಕೆಲಸದ ಮೇಲೆ’ ಎನ್ನುತ್ತೇವೆ. ಹೆಣ್ಣು ನೋಡಲು ಹೋದರೂ ಕೆಲಸವೇ, ಸಾಲ ಕೇಳಲು ಹೋದರೂ ಕೆಲಸವೇ. ಇಂಗ್ಲಿಷಿನ ಕೆಲಸಕ್ಕೆ ಆ ದೊಡ್ಡ ಹೊಟ್ಟೆ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಮುದುಕರ ತಲೆಗೆ ಹೋಗಲಿಲ್ಲ. ಹಟ ಹಿಡಿದರೆ ದೇವರೇ ಬಂದರೂ ಬಿಡುವವರಲ್ಲ. ‘ನಮ್ಮ ಪ್ಯಾಕ್‌ಹೌಸಿನಲ್ಲಿ ನಮ್ಮೊಂದಿಗೆ ಕೆಲಸ ಮಾಡಲು’ ಎಂದು ಟೈಪಾಯಿತು. ಮೊದಲ ದಿನ ಪ್ಯಾಕ್‌ಹೌಸ್, ಎರಡನೆಯ ದಿನ ತೋಟದಲ್ಲಿ ಯಜಮಾನರ ಜೊತೆ ಮಾತುಕತೆ, ಮೂರನೆಯ ದಿನ ಹೊಸ ತಳಿಯ ಗುಲಾಬಿ ಬೆಳೆಯುವವರ ಭೇಟಿ. ಯಜಮಾನರು ಸಹಿ ಹಾಕಿ, ಸೀಲನ್ನು ತಾವೇ ಒತ್ತಿ, ಶಾಯಿ ಆರಲೆಂದು ಊದಿದರು.

ಪತ್ರ ಅಲ್ಲಿನ ಕೌಂಟರಿನಿಂದ ಹಿಂದಕ್ಕೆ ಬಂತು. ಕೆಲಸ ಮಾಡುವುದಾದರೆ ಎಂಪ್ಲಾಯ್‌ಮೆಂಟ್ ವೀಸಾ, ಅದಕ್ಕೆ ನೇಮಕದ ಒಪ್ಪಂದ ತನ್ನಿ. ಬರೀ ಮಾತುಕತೆಯಾದರೆ ಹೊಸ ಪತ್ರ ತನ್ನಿ ಎಂದರಂತೆ. ಪಾಲುದಾರರು ಫೋನಿನಲ್ಲಿ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಹೊಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಸಹಿ ಹಾಕುವ ಅಧಿಕಾರ ಇನ್ನೊಬ್ಬನಿಗೆ ಮಾತ್ರ ಇತ್ತು. ಮಗನಿಗೆ.

ಅದೇ ದಿನ ಪತ್ರ ತಿದ್ದಿದೆ. ಕೆಲಸ ಎಂಬ ಮಾತು ತೆಗೆದು, ಮಾತುಕತೆ, ಗುಣಮಟ್ಟದ ಪರಿಶೀಲನೆ, ಒಪ್ಪಂದದ ಮುಂದುವರಿಕೆ ಎಂದು ಹಾಕಿ, ಮೂರು ದಿನದ ಪಟ್ಟಿಯನ್ನು ಹಾಗೇ ಬಿಟ್ಟು, ಮಗನ ಮೇಜಿನ ಮೇಲೆ ಇಟ್ಟೆ.

“ನೋಡಣ ಇರಕ್ಕಾ,” ಅಂದ.

ಮಾರನೆಯ ದಿನವೂ ನೋಡಣ. ಅದರ ಮಾರನೆಯ ದಿನವೂ ನೋಡಣ. ಒಂದು ಸಲ ಪೆನ್ನು ಬಿಚ್ಚಿ ಕೈಗೇ ಕೊಟ್ಟೆ. ಅದನ್ನು ತಗೊಂಡು ಯಾವುದೋ ಫೋನ್ ನಂಬರು ಬರೆದುಕೊಂಡು ನನಗೇ ವಾಪಸ್ ಕೊಟ್ಟ. ಥೂ ಇವನ ಜನ್ಮಕ್ಕೆ, ಎಂದುಕೊಂಡೆ. ಒಂದು ಸಹಿಗೆ ಎಷ್ಟು ಹೊತ್ತು ಬೇಕು? ಆಸ್ಪತ್ರೆಗೆ ಹೋದರೆ ಯಜಮಾನರು ಎಡಗೈ ಎತ್ತಿ, ಸೊಟ್ಟಗಾದ ಬಾಯಲ್ಲಿ ಒಂದೇ ಮಾತು ಕೇಳುತ್ತಿದ್ದರು.

“ಬತ್ತಾನಾ?”

“ಬತ್ತಾರೆ ಯಜಮಾನ್ರೇ, ಪತ್ರ ಹೋಗೈತೆ,” ಎನ್ನುತ್ತಿದ್ದೆ. ಪತ್ರ ಮೇಜಿನ ಮೇಲೇ ಧೂಳು ತಿನ್ನುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಮಗನೇ ಕರೆದು ಸಹಿ ಹಾಕಿಕೊಟ್ಟ. ಖುಷಿಯಲ್ಲಿ ಓಡಿಬಂದು ಸ್ಕ್ಯಾನ್ ಮಾಡಿ ಕಳಿಸಿದೆ, ಮೂಲ ಪತ್ರವನ್ನು ಕೊರಿಯರಿಗೆ ಹಾಕಿದೆ. ಪ್ಯಾಕ್‌ಹೌಸಿನ ಮೇಲ್ವಿಚಾರಕಿ, ಬಾಯಿಗೆ ಬೀಗವಿಲ್ಲದ ಹೆಂಗಸು, ಆವತ್ತು ಸುಮ್ಮನೆ ಬಂದು ನನ್ನ ಪಕ್ಕ ನಿಂತಳು.

“ಅಡ್ವಾನ್ಸ್ ಈಸ್ಕೊಂಡ್ಬುಟ್ನಂತೆ ಕಣಕ್ಕಾ, ಲೇಔಟ್‌ನೋರ ತಾವ. ಇನ್ನ್ ಯಾರು ಬಂದ್ರೆ ಏನು, ಬುಟ್ರೆ ಏನು ಅಂತ ಸೈನ್ ಹಾಕವ್ನೆ.”

ಮದುವೆ ಕಾಲ ಶುರುವಾಗಿಹೋಗಿತ್ತು. ಅಪ್ಪನಿಗೆ ಕೊಟ್ಟ ಮಾತಿನ ಗಡುವು ಮುಗಿದಿತ್ತು. ಅವನು ಸುಳ್ಳೇನೂ ಆಡಿರಲಿಲ್ಲ, ಬರೀ ನೋಡಣ ಎಂದಿದ್ದ.

ವೀಸಾ ಈ ಸಲ ತಕರಾರಿಲ್ಲದೆ ಸಿಕ್ಕಿತು. ಆ ಸುದ್ದಿಯನ್ನು ಯಜಮಾನರ ಕಿವಿಯಲ್ಲಿ ಕೂಗಿ ಹೇಳಿದೆ. ಎಡಗೈಯಿಂದ ನನ್ನ ಬೆರಳು ಹಿಡಿದುಕೊಂಡರು. ಪಾಲುದಾರರು ವಿಮಾನ ಹತ್ತುವ ಮೊದಲೇ ಯಜಮಾನರು ತೀರಿಕೊಂಡರು. ಅವರ ಇಷ್ಟದಂತೆ ತೋಟದ ಕೊನೆಯ ಬೇಲಿಯ ಹತ್ತಿರ ಮಣ್ಣು ಮಾಡಿದೆವು.

ಆ ಮಣ್ಣಿಗೆ ಹಾಲುತುಪ್ಪ ಬಿಟ್ಟ ಮಾರನೆಯ ದಿನ ಪಾಲುದಾರರು ಬಂದಿಳಿದರು. ಕಾರಿನಲ್ಲಿ ಕೂತ ಮೇಲೆ ಅವರ ಹಳೆಯ ತಮಿಳಿನಲ್ಲಿ “ಕಾರಿಯಂ ಎಲ್ಲಾಂ ಮುಡಿಞ್ಚುದಾ?” ಎಂದರು. ಕಾರ್ಯ ಎಲ್ಲ ಮುಗಿಯಿತಾ ಎಂದು. ಸತ್ತವರಿಗೆ ಮಾಡುವುದಕ್ಕೂ ನಮ್ಮಲ್ಲಿ ಕಾರ್ಯ ಎಂದೇ ಹೆಸರು. ಹೂಂ ಎಂದೆ. ಪತ್ರದಲ್ಲಿ ಇದ್ದಂತೆಯೇ ನಡೆಯಲಿ ಎಂದರು.

ಮೊದಲ ದಿನ ಪ್ಯಾಕ್‌ಹೌಸ್. ಹೆಂಗಸರ ನಡುವೆ ಕೂತು ಮುಳ್ಳು ಸವರಿದರು. ಯಜಮಾನರು ಮೊದಲು ಬರೆಸಿದ್ದೇ ನಿಜವಾಯಿತು. ಯಾರೊಬ್ಬರೂ ಜಗಳವಾಡಲಿಲ್ಲ. ಸಂಜೆ ಮಗ ಬಂದು ಸೈಟಿನ ವಿಷಯ ಹೇಳಿದ. ಪಾಲುದಾರರು ಕೈ ತೊಳೆದುಕೊಂಡು ಎದ್ದರು.

ಎರಡನೆಯ ದಿನ ಯಜಮಾನರ ಜೊತೆ ಮಾತುಕತೆ. ಬೇಲಿಯ ಹತ್ತಿರ ಕರೆದುಕೊಂಡು ಹೋದೆ. ಅಳತೆಯವರು ಅಷ್ಟರಲ್ಲೇ ಬಿಳಿ ಕಲ್ಲು ನೆಟ್ಟಿದ್ದರು. ಯಜಮಾನರ ಮಣ್ಣಿನ ಗುಡ್ಡೆ ಇದ್ದ ಜಾಗ ಲೇಔಟಿನ ನಕ್ಷೆಯಲ್ಲಿ ಪಾರ್ಕ್. ಪಾಲುದಾರರು ಚಪ್ಪಲಿ ಬಿಟ್ಟು ತುಂಬ ಹೊತ್ತು ನಿಂತರು. ಆಮೇಲೆ ಚೀಲದಿಂದ ಒಂದು ಕವರು ತೆಗೆದರು. ಹೊಸ ಒಪ್ಪಂದ. ಮಲೇಷ್ಯಾದಿಂದಲೇ ಸಹಿ ಹಾಕಿ ತಂದಿದ್ದರು.

“ಇದೆ ಯಾರ್ ಕಿಟ್ಟೆ ಕುಡುಕ್ಕಣುಂ?” ಎಂದು ನನ್ನನ್ನು ಕೇಳಿದರು. ಇದನ್ನು ಯಾರ ಕೈಗೆ ಕೊಡಲಿ ಎಂದು.

ಆ ತೋಟಕ್ಕೆ ಬಂದ ಪ್ರತಿಯೊಂದು ಕಾಗದವನ್ನೂ ತಗೊಂಡು ಫೈಲಿಗೆ ಸೇರಿಸುವುದೇ ನನ್ನ ಕೆಲಸ. ಇದಕ್ಕೆ ಮಾತ್ರ ನನ್ನ ಕೈ ಮುಂದೆ ಬರಲಿಲ್ಲ.