ಹಂಚಿನ ಮೇಲಿನ ಕಾಫಿ

ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವ ಸಿದ್ದಾರೂಢನಿಗೆ ಮನೆಯಲ್ಲೂ ಎಲ್ಲದರಲ್ಲೂ ಹುಳುಕು ಹುಡುಕುವ ಚಟ. ಹಬೆಯ ಒತ್ತಡಕ್ಕೆ ಕಾಫಿ ಮೇಲೇರುವ ಮೋಕಾ ಪಾಟ್ ಕೊಳ್ಳುವಾಗ ಮಾತ್ರ ಅದರ ಹೊಳಪಿಗೇ ಮರುಳಾದ. ಭಾನುವಾರ ಬೆಳಿಗ್ಗೆ ಅದರ ತಳದಲ್ಲಿ ನೀರು, ನಡುವೆ ಕಾಫಿಪುಡಿ ತುಂಬಿ ಇಂಡಕ್ಷನ್ ಒಲೆಯ ಮೇಲಿಟ್ಟರೆ, ಒಲೆ ಪೀಂ ಪೀಂ ಎಂದು ಕೂಗಿ ಸುಮ್ಮನಾಯಿತು.

ಹೆಂಡತಿ ನೀತಾ ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತ ಕಿತ್ತು ಪಾಟಿನ ತಳಕ್ಕೆ ಹಿಡಿದಳು. ಅದು ಜಾರಿ ಬಿತ್ತು.

"ಅಲ್ಯೂಮಿನಿಯಂ ಅದರೀ ಇದು. ಆಯಸ್ಕಾಂತ ಹಿಡಿಯೋ ಸ್ಟೀಲ್ ತಳ ಬೇಕಿತ್ತು. ಊರ ಮಾಲೆಲ್ಲಾ ತಪಾಸ್ ಮಾಡ್ತೀರಿ, ಇದನ್ನ ಯಾರು ಮಾಡಬೇಕಿತ್ತು?"

ಸೋಲೊಪ್ಪುವುದು ಅವನ ಜಾಯಮಾನವಲ್ಲ. ಅವಳ ಚಪ್ಪಟೆ ಕಬ್ಬಿಣದ ದೋಸೆ ಹಂಚನ್ನು ಒಲೆಯ ಮೇಲಿಟ್ಟು, ಅದರ ಮೇಲೆ ಪಾಟನ್ನು ಕೂರಿಸಿದ. ಹಂಚು ನಿಧಾನವಾಗಿ ಕಾದು, ಕಾಫಿ ಮೇಲಕ್ಕೆ ಜಿನುಗತೊಡಗಿತು. ಗೆದ್ದೆನೆಂದು ಒಲೆ ಆರಿಸಿ ಮೀಸೆ ತಿರುವಿದ. ಇದೇ ಒಲೆಯ ಮೇಲೆ ಹಾಲುಕ್ಕಿದಾಗ ಬಟನ್ ಒತ್ತಿದೊಡನೆ ಅದು ಇಳಿಯುವುದನ್ನು ದಿನಾ ನೋಡಿದವನು ಅವನು. ಆದರೆ ಕಾದ ಹಂಚು ಬಿಡಬೇಕಲ್ಲ! ಕಾಫಿ ಗೊರಗೊರ ಎಂದು ಉಗುಳುತ್ತಲೇ ಇತ್ತು.

"ಒಲಿ ಆರಿಸೀನಲ್ಲ!" ಎಂದು ಪಾಟನ್ನೇ ಗದರಿದ.

"ಒಲಿಗೆ ಹೇಳೀರಿ. ಹಂಚಿಗೆ ಹೇಳೀರೇನು?" ಎನ್ನುತ್ತ ನೀತಾ ಬಟ್ಟೆ ಹಿಡಿದು ಪಾಟನ್ನು ಕೆಳಗಿಳಿಸಿದಳು.

ಕಾಫಿ ಒಂದೇ ಗುಟುಕಿಗೆ ಮುಖ ಕಿವುಚುವಷ್ಟು ಕಹಿಯಾಗಿತ್ತು. ಅವಳು ಒಲೆ ಹೊತ್ತಿಸದೆ, ಅದೇ ಹಂಚಿನ ಮೇಲೆ ಒಂದು ದೋಸೆ ಹೊಯ್ದಳು. ಚುಂಯ್ ಎಂದ ದೋಸೆ ಹೊಂಬಣ್ಣಕ್ಕೆ ತಿರುಗಿತು.

ತಪಾಸಣೆಯ ಸಾಹೇಬರು ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು. ಹುಳುಕು ಸಿಗದೆ, ಬಾಯಿ ಮುಚ್ಚಿಕೊಂಡು ತಿಂದರು.